ತೂಬಿನ ರಂಗಿಗೆ ಹೆಸರು ಸಿಕ್ಕಿದ ಬಗೆ

ತಿಪಟೂರಿನ ಕಡೆಯ ಒಣಸೀಮೆಯಲ್ಲಿ, ಕೆರೆಯೊಂದನ್ನೇ ನಂಬಿಕೊಂಡಿರುವ ಊರೊಂದನ್ನು ಕಲ್ಪಿಸಿಕೊಂಡು ನಾನು ಬರೆಯತೊಡಗಿದ ದೆವ್ವದ ಕಥೆಯ ಮೊದಲ ಕರಡಿನಲ್ಲಿ ಮೂರು ಹೆಸರುಗಳಿದ್ದವು. ತೂಬಿನ ಬಳಿ ನೀರಿಗೆ ಬಿದ್ದು ಸತ್ತ ಬಾಣಂತಿಯ ಪ್ರೇತಕ್ಕೆ ರಕ್ತಾಕ್ಷಿ ಎಂದೂ, ಊರಗಡಿಯ ಹುಣಸೆಮರದಲ್ಲಿ ನೆಲೆಸಿದ ಗಂಡುಶಕ್ತಿಗೆ ಗುಳಿಗ ಎಂದೂ, ಬೇಸಗೆಯ ರಾತ್ರಿಗಳಲ್ಲಿ ಕೆರೆಯಂಗಳದಲ್ಲಿ ಕಾಣಿಸಿಕೊಳ್ಳುವ ಬೆಂಕಿಗೆ ಅಗ್ನಿಪಿಶಾಚ ಎಂದೂ ಹೆಸರಿಟ್ಟಿದ್ದೆ. ಕಥೆಯನ್ನು ಮೊದಲು ಓದಿ ಹೇಳಿದ್ದು ನನ್ನ ಸೋದರತ್ತೆಗೆ. ಆ ಸೀಮೆಯಲ್ಲೇ ಹುಟ್ಟಿ, ಆ ಸೀಮೆಗೇ ಸೊಸೆಯಾಗಿ ಹೋಗಿ, ಎಪ್ಪತ್ತು ದಾಟಿದವರು ಅವರು. ಮೂರು ಪುಟ ಕೇಳುವವರೆಗೆ ಸುಮ್ಮನಿದ್ದು, ಆಮೇಲೆ ನಿಜವಾದ ಗೊಂದಲದಿಂದಲೇ ಕೇಳಿದರು: "ರಕ್ತಾಕ್ಷಿ ಅಂದ್ರೆ ಪಂಚಾಂಗದಾಗೆ ಬರೋ ವರ್ಷದ ಹೆಸರಲ್ವೇನಪ್ಪ? ಆವಮ್ಮನ್ನ ಅವರಮ್ಮ ಏನಂತ ಕೂಗ್ತಿದ್ಲು?"

ಅತ್ತೆಯ ಮಾತು ನಿಜ. ಅರವತ್ತು ಸಂವತ್ಸರಗಳಲ್ಲಿ ರಕ್ತಾಕ್ಷಿಯೂ ಒಂದು. 1984ರ ಯುಗಾದಿಯಿಂದ 1985ರ ಯುಗಾದಿಯವರೆಗೆ ನಡೆದದ್ದು ಅದೇ ಸಂವತ್ಸರ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅವರ ಎರಡನೆಯ ಪ್ರಶ್ನೆ. ಬದುಕಿದ್ದಾಗ ಆ ಹೆಣ್ಣಿಗೆ ಒಂದು ಹೆಸರಿತ್ತು, ಹಿತ್ತಲಿನಿಂದ ಅವಳನ್ನು ಕೂಗಿ ಕರೆಯುವವರು ಇದ್ದರು ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಹಳ್ಳಿಯಲ್ಲಿ ದೆವ್ವಕ್ಕೆ ಹೆಸರಿಡಲು ಯಾರೂ ಕೂರುವುದಿಲ್ಲ. ಸತ್ತವರ ಹೆಸರು, ಸತ್ತ ಜಾಗದ ಹೆಸರು, ಅವರನ್ನು ಕುರಿತು ಉಳಿದವರಿಗಿರುವ ಭಯ ಮತ್ತು ಋಣ, ಇವೆಲ್ಲ ಸೇರಿ ನಾಲ್ಕಾರು ವರ್ಷಗಳಲ್ಲಿ ಬಾಯಿಂದ ಬಾಯಿಗೆ ಸವೆದು ಒಂದು ಕರೆಯುವ ಮಾತಾಗುತ್ತದೆ. ಆ ಸವೆತವನ್ನು ನಾನು ಕಾಗದದ ಮೇಲೆ ಮತ್ತೆ ನಡೆಸಿ ನೋಡಬೇಕಾಗಿತ್ತು.

ಗುಳಿಗನನ್ನು ತೆಗೆದುಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗುಳಿಗ ತುಳುನಾಡಿನ ದೈವ. ಅವನಿಗೆ ಅಲ್ಲಿ ನೇಮ ನಡೆಯುತ್ತದೆ, ನಂಬಿದ ಮನೆತನಗಳಿವೆ. ಅವನನ್ನು ಬಯಲುಸೀಮೆಯ ಹುಣಸೆಮರಕ್ಕೆ ತಂದು ಕೂರಿಸುವುದು ಊರು ತಪ್ಪಿದ ಕೆಲಸ ಮಾತ್ರವಲ್ಲ, ಪೂಜೆ ಪಡೆಯುವ ದೈವವನ್ನು ಪೀಡೆಯಾಗಿ ಕಾಣಿಸುವ ತಪ್ಪೂ ಹೌದು. ಸತ್ತವರ ಆತ್ಮಕ್ಕೆ ಹೇಳುವ ಕುಲೆ ಎಂಬ ತುಳು ಮಾತೂ, ಮಲೆನಾಡಿನ ಚೌಡಿಯೂ ನನ್ನ ಟಿಪ್ಪಣಿಯಲ್ಲಿದ್ದವು. ಕಿವಿಗೆ ಚೆನ್ನಾಗಿವೆ ಎಂಬ ಒಂದೇ ಕಾರಣಕ್ಕೆ ಅವುಗಳನ್ನು ಗುರುತು ಹಾಕಿಕೊಂಡಿದ್ದೆ. ನನ್ನ ಕಥೆಯ ಸೀಮೆಯಲ್ಲಿ ಮರದಲ್ಲೋ ಗಡಿಯಲ್ಲೋ ನೆಲೆಸಿ ಕೋಳಿ ಕೇಳುವ ಶಕ್ತಿಗೆ ಜನ ಮುನಿ ಎನ್ನುತ್ತಾರೆ. ಹಾಗಾಗಿ ಆ ಮರಕ್ಕೆ "ಹುಣಸೆಮರದ ಮುನಿ" ಎಂದಷ್ಟೇ ಬರೆದೆ. ಅಗ್ನಿಪಿಶಾಚ ಹೋಗಿ ಕೊಳ್ಳಿದೆವ್ವ ಬಂತು. ಇಲ್ಲಿ ನನಗೊಂದು ಸಂಗತಿ ತಿಳಿಯಿತು. ದೂರದಿಂದ ಕಾಣುವ ದೆವ್ವಕ್ಕೆ ಜಾತಿವಾಚಕ ಹೆಸರೇ ಸಾಕು, ಏಕೆಂದರೆ ಅದು ಯಾರು ಎಂಬುದು ಯಾರಿಗೂ ಗೊತ್ತಿಲ್ಲ. ಮುನಿಗೆ ಮರ ಗೊತ್ತು, ಮನೆ ಗೊತ್ತಿಲ್ಲ. ಮನೆಯೂ ಗೊತ್ತಿರುವ ದೆವ್ವಕ್ಕೆ ಮಾತ್ರ ಸ್ವಂತ ಹೆಸರು ಇರುತ್ತದೆ. ಆದ್ದರಿಂದ ನನ್ನ ದುಡಿಮೆಯೆಲ್ಲ ತೂಬಿನ ಬಳಿ ಸತ್ತವಳ ಹೆಸರಿನ ಮೇಲೆಯೇ ನಿಂತಿತು.

ಸಾವಿನ ಕಾಲವನ್ನು 1940ರ ದಶಕ ಎಂದು ನಿಶ್ಚಯಿಸಿಕೊಂಡಿದ್ದೆ. ಕಥೆ ನಡೆಯುವುದು 1990ರ ದಶಕದಲ್ಲಿ. ಅಂದರೆ ಹೆಸರು ಐವತ್ತು ವರ್ಷ ಜನರ ಬಾಯಲ್ಲಿ ಓಡಾಡಿರಬೇಕು. ಮೊದಲು ಹೊಳೆದದ್ದು ಗಂಗಿ. ನೀರಿನಲ್ಲಿ ಸತ್ತವಳಿಗೆ ಗಂಗೆಯ ಹೆಸರು ಹೊಂದುತ್ತದೆ ಎನಿಸಿತ್ತು. ಹೊಂದದಿರುವುದಕ್ಕೂ ಅದೇ ಕಾರಣವಾಯಿತು. ಆ ಊರುಗಳಲ್ಲಿ ಕೆರೆಯ ನೀರೇ ಗಂಗಮ್ಮ. ಕೆರೆ ತುಂಬಿದಾಗ ಬಾಗಿನ ಬಿಡುವುದು ಅವಳಿಗೆ. ಸತ್ತ ಹೆಣ್ಣೂ ಗಂಗಿಯಾದರೆ, "ಗಂಗಮ್ಮ ಕೋಪಿಸಿಕೊಂಡಳು" ಎಂಬ ಒಂದು ಮಾತು ಬಂದಾಗ ದೇವಿಯೋ ದೆವ್ವವೋ ತಿಳಿಯದೆ ಓದುಗರು ತಡವರಿಸುತ್ತಾರೆ. ಈ ತೊಡಕಿನಲ್ಲಿ ಸಿಕ್ಕಿಕೊಂಡಿದ್ದಾಗ "ಕೆರೆಗೆ ಹಾರ" ಎಂಬ ಜನಪದ ಕಥನಗೀತೆ ನೆನಪಾಯಿತು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಾಗ ಕಿರಿಯ ಸೊಸೆಯನ್ನೇ ಬಲಿಯಾಗಿ ಕೊಡುತ್ತಾರೆ, ಅವಳ ಹೆಸರು ಭಾಗೀರತಿ. ಅದು ಗಂಗೆಯದೇ ಹೆಸರು. ಕೆರೆಗೆ ಕೊಟ್ಟವಳಿಗೆ ನೀರಿನ ಹೆಸರು, ಅವಳು ನೀರನ್ನೇ ಸೇರುತ್ತಾಳೆ, ಆದ್ದರಿಂದ ದೆವ್ವವಾಗುವುದಿಲ್ಲ. ನನ್ನ ಕಥೆಯ ಹೆಣ್ಣನ್ನು ಯಾರೂ ಕೊಟ್ಟಿರಲಿಲ್ಲ. ಅವಳು ಬಿದ್ದಳೋ, ಹಾರಿದಳೋ, ಯಾರಾದರೂ ನೂಕಿದರೋ ಎಂಬುದು ಊರಿಗೆ ಕೊನೆಯವರೆಗೂ ತಿಳಿಯದು. ನೀರಿನ ಹೆಸರು ಅವಳಿಗೆ ಸಲ್ಲದು ಎಂದು ಅಲ್ಲಿಗೆ ನಿರ್ಧಾರವಾಯಿತು.

ಮುಂದೆ ನಂಜಿ, ಕೆಂಪಿ, ಸಿದ್ದಿ, ಹೊನ್ನಿ ಎಂಬ ನಾಲ್ಕು ಹೆಸರುಗಳನ್ನು ಹಾಳೆಯ ಮೇಲೆ ಬರೆದು ಒಂದು ವಾರ ಇಟ್ಟುಕೊಂಡೆ. ನಂಜಿ ಎಂಬುದು ನಂಜುಂಡೇಶ್ವರನ ಒಕ್ಕಲಿನ ಸಾಮಾನ್ಯ ಹೆಸರಾದರೂ ದೆವ್ವದ ಕಥೆಯಲ್ಲಿ ಬಂದ ಕೂಡಲೇ ನಂಜು ಎಂಬ ಅರ್ಥವೇ ಮುಂದೆ ಬಂದು ನಿಲ್ಲುತ್ತದೆ. ಕೆಂಪಿ ಎಂದರೆ ಓದುಗರು ರಕ್ತವನ್ನು ಕಾಣುತ್ತಾರೆ. ಅಲ್ಲಿಗೆ ಮತ್ತೆ ರಕ್ತಾಕ್ಷಿಗೇ ಬಂದ ಹಾಗಾಯಿತು. ಸಿದ್ದಿ ಎಂದರೆ ಉತ್ತರ ಕನ್ನಡದ ಒಂದು ಸಮುದಾಯದ ಹೆಸರು. ಆ ಗೊಂದಲ ಬೇಡ. ಹೊನ್ನಿ ನನಗೆ ಬಹಳ ಇಷ್ಟವಾಗಿತ್ತು. ಆದರೆ ಆ ಸೀಮೆಯ ಮಾತಿನಲ್ಲಿ ಮೊದಲ ಹಕಾರ ಜಾರಿಹೋಗುತ್ತದೆ, ಜೋರಾಗಿ ಹೇಳಿಸಿದಾಗ ಕೇಳಿದ್ದು ಒನ್ನಿ. ಬರೆದದ್ದೊಂದು ಕೇಳಿದ್ದೊಂದು ಆಗುವ ಹೆಸರನ್ನು ಸಂಭಾಷಣೆಯಲ್ಲಿ ನೂರು ಕಡೆ ಬಳಸುವುದು ಕಷ್ಟ.

ಉಚ್ಚಾರಣೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೊದಲ ಕರಡಿನ ಹೆಸರುಗಳು ಬೇರು ಬಿಡದಿದ್ದುದಕ್ಕೆ ಅರ್ಧ ಕಾರಣ ಅಲ್ಲಿಯೇ ಇತ್ತು. ಸಂಸ್ಕೃತದಿಂದ ಬಂದ ಮಾತು ಹಳ್ಳಿಯ ಬಾಯಲ್ಲಿ ಹಾಗೆಯೇ ಉಳಿಯುವುದಿಲ್ಲ. ಮಹಾಸತಿ ಮಾಸ್ತಿಯಾಗುತ್ತಾಳೆ, ವೀರ ಬೀರನಾಗುತ್ತಾನೆ, ಶ್ಮಶಾನ ಮಸಣವಾಗುತ್ತದೆ, ಯಕ್ಷ ಜಕ್ಕನಾಗುತ್ತಾನೆ, ರಾಕ್ಷಸ ರಕ್ಕಸನಾಗುತ್ತಾನೆ. ಇಂಥ ಮಾರ್ಪಾಟುಗಳನ್ನು ಕೇಶಿರಾಜ 13ನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಕ್ರಮವಾಗಿ ಹೇಳಿದ್ದಾನೆ. ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ಶಕಾರ ಷಕಾರಗಳು ಸಕಾರವಾಗುತ್ತವೆ, ಒತ್ತಕ್ಷರಗಳು ಸಡಿಲವಾಗುತ್ತವೆ ಅಥವಾ ಸಜಾತಿ ಒತ್ತಾಗುತ್ತವೆ. ನಾನು ಈ ನಿಯಮಗಳನ್ನು ಹೆಸರುಗಳಿಗೆ ಒಡ್ಡಿ ನೋಡುವುದನ್ನು ರೂಢಿ ಮಾಡಿಕೊಂಡೆ. ಐವತ್ತು ವರ್ಷ ಹಳ್ಳಿಯಲ್ಲಿ ಓಡಾಡಿದ ಹೆಸರಿನಲ್ಲಿ ಕ್ಷಕಾರವೋ ಭಕಾರವೋ ಇನ್ನೂ ಗಟ್ಟಿಯಾಗಿ ಕೂತಿದ್ದರೆ ಅದು ಪುಸ್ತಕದಿಂದ ನೇರವಾಗಿ ಬಂದ ಹೆಸರು ಎಂದು ಅರ್ಥ. ಇದರಲ್ಲಿ ಎಚ್ಚರ ತಪ್ಪುವ ಜಾಗವೂ ಇದೆ. ಒಂದು ಹಂತದಲ್ಲಿ ನಾನೇ ತದ್ಭವಗಳನ್ನು ಕಟ್ಟತೊಡಗಿ, ಎಲ್ಲೂ ಯಾರೂ ಆಡದ ವಿಕಾರ ರೂಪಗಳನ್ನು ಬರೆದುಕೊಂಡಿದ್ದೆ. ಕಿಟೆಲ್ ಅವರ 1894ರ ನಿಘಂಟಿನಲ್ಲಾಗಲಿ, ಅತ್ತೆಯ ಬಾಯಲ್ಲಾಗಲಿ ಇಲ್ಲದ ರೂಪವನ್ನು ಬಳಸುವುದಿಲ್ಲ ಎಂದು ಆಮೇಲೆ ಗೆರೆ ಎಳೆದುಕೊಂಡೆ.

ರಂಗಿ ಎಂಬ ಹೆಸರು ಬಂದದ್ದು ಮನೆದೇವರ ದಾರಿಯಿಂದ. ತುಮಕೂರು ಸೀಮೆಯಲ್ಲಿ ಬೆಟ್ಟಗುಡ್ಡಗಳ ಮೇಲೆ ರಂಗನಾಥನ ಗುಡಿಗಳು ಬಹಳ. ಆ ಒಕ್ಕಲಿನವರು ಗಂಡುಮಕ್ಕಳಿಗೆ ರಂಗಪ್ಪ, ರಂಗಯ್ಯ, ಹೆಣ್ಣುಮಕ್ಕಳಿಗೆ ರಂಗಮ್ಮ ಎಂದು ಹೆಸರಿಡುತ್ತಾರೆ. ನನ್ನ ಕಥೆಯ ಊರಿನಲ್ಲಿ ಅವಳ ಗಂಡನ ಮನೆಯವರು ವೀರಭದ್ರನ ಒಕ್ಕಲು, ಅಲ್ಲಿ ಈರಣ್ಣ, ಈರಮ್ಮ ಎಂಬವೇ ಹೆಸರುಗಳು. ಅಂದಮೇಲೆ ರಂಗಿ ಎಂಬ ಎರಡಕ್ಷರವೇ ಅವಳು ಬೇರೆ ಊರಿನಿಂದ, ಬೇರೆ ದೇವರ ಮನೆಯಿಂದ ಬಂದವಳು ಎಂದು ಹೇಳಿಬಿಡುತ್ತದೆ. ಅದಕ್ಕಾಗಿ ನಾನು ಬರೆದಿದ್ದ ಒಂದೂವರೆ ಪುಟದ ಹಿನ್ನೆಲೆ ಬೇಡವಾಯಿತು. ತೌರಿನವರು ಬಂದು ಹೆಣ ಕೇಳಿದರೋ ಇಲ್ಲವೋ, ಅವಳ ತಿಥಿಯನ್ನು ಯಾರು ಮಾಡಿದರು, ಮಾಡಿದ್ದರೆ ಯಾವ ದೇವರ ಹೆಸರಿನಲ್ಲಿ ಮಾಡಿದರು ಎಂಬ, ಕಥೆಯ ನಡುವೆ ಮುಖ್ಯವಾಗಿ ಬಂದ ಪ್ರಶ್ನೆಗಳೆಲ್ಲ ಈ ಹೆಸರಿನಿಂದಲೇ ಹುಟ್ಟಿದವು.

ಹೆಸರಿನ ಕೊನೆಯ ಅಕ್ಷರಕ್ಕೂ ಅಷ್ಟೇ ತೂಕವಿದೆ. ರಂಗಿ ಎಂದರೆ ಚಿಕ್ಕವಳು, ಅಥವಾ ಕರೆಯುವವರು ಅವಳನ್ನು ತಮಗಿಂತ ಕೆಳಗಿಟ್ಟಿದ್ದಾರೆ ಎಂದು ಅರ್ಥ. ರಂಗಮ್ಮ ಎಂದರೆ ಗೃಹಿಣಿ, ಮರ್ಯಾದೆಯುಳ್ಳವಳು. ಹತ್ತೊಂಬತ್ತರ ಪ್ರಾಯದಲ್ಲಿ, ಮಗು ಹುಟ್ಟಿ ತಿಂಗಳು ತುಂಬುವ ಮೊದಲೇ ಸತ್ತ ಸೊಸೆಗೆ ಅಮ್ಮ ಎನಿಸಿಕೊಳ್ಳುವ ಕಾಲವೇ ಬಂದಿರಲಿಲ್ಲ. ಅವಳು ರಂಗಿಯಾಗಿಯೇ ಸತ್ತಳು, ರಂಗಿಯಾಗಿಯೇ ತೂಬಿನಲ್ಲಿ ನಿಂತಳು. ಊರಿನವರು ಅದರ ಹಿಂದೆ ಜಾಗವನ್ನು ಸೇರಿಸಿದರು: ತೂಬಿನ ರಂಗಿ. ಏರಿಯ ರಂಗಿ, ಕೋಡಿಯ ರಂಗಿ ಎಂದೂ ಹೇಳಿ ನೋಡಿದೆ. ಕೆರೆಯೇರಿ ಹಗಲೆಲ್ಲ ಜನ ಓಡಾಡುವ ದಾರಿ, ಕೋಡಿ ಬಿದ್ದರೆ ಊರಿಗೆ ಹಬ್ಬ. ತೂಬಾದರೋ ನೀರೊಳಗೆ ನಿಂತ ಎರಡು ಕಲ್ಲುಕಂಬಗಳ ನಡುವೆ ರಂಧ್ರ, ಅದನ್ನು ಮುಚ್ಚಿದ ಮರದ ಗೂಟ, ಕೆಳಗೆ ಕತ್ತಲೆಯ ಕಾಲುವೆ. ಅಲ್ಲಿಗೆ ಹೋಗುವವನು ಒಬ್ಬನೇ, ನೀರುಗಂಟಿ, ಅದೂ ಸರದಿಯ ಪ್ರಕಾರ ನಡುರಾತ್ರಿ ಯಾರದೋ ಗದ್ದೆಗೆ ನೀರು ಬಿಡಬೇಕಾದಾಗ. ಹೆಸರಿನಲ್ಲಿ ಸೇರುವ ಜಾಗ ಜನ ಅಂಜುತ್ತ ಹೋಗುವ, ಆದರೆ ಹೋಗದೆ ವಿಧಿಯಿಲ್ಲದ ಜಾಗವಾಗಿರಬೇಕು ಎಂದು ಆಗ ಅರ್ಥವಾಯಿತು.

ಹೆಸರು ಸಿಕ್ಕಿದ ಸಂತೋಷದಲ್ಲಿ ಎರಡನೆಯ ಕರಡಿನಲ್ಲಿ ಅದನ್ನು ಅರವತ್ತೊಂದು ಕಡೆ ಬರೆದಿದ್ದೆ. ಓದಿ ಹೇಳಿದಾಗ ಅತ್ತೆ ಹೆಸರನ್ನು ಒಪ್ಪಿದರು, ಆದರೆ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಕೈ ಅಡ್ಡ ಹಿಡಿದು, "ಅಷ್ಟ್ ಸಲ ಹೆಸ್ರು ಹಿಡಿದು ಕೂಗ್ತಾರೇನಪ್ಪ? ಕತ್ತಲಾದ್ಮೇಲೆ ಹಾವಿಗೇ ಹುಳ ಅಂತೀವಿ, ಉಪ್ಪಿಗೆ ರುಚಿ ಅಂತೀವಿ," ಎಂದರು. ನಾನು ಹೆಸರನ್ನು ಹುಡುಕಿದ್ದೆನೇ ಹೊರತು ಹೆಸರಿಗೆ ಜನ ಹೇಗೆ ಹೆದರುತ್ತಾರೆ ಎಂಬುದನ್ನು ಬರೆದಿರಲಿಲ್ಲ. ಸಿಡುಬು ಬಂದ ಮನೆಯಲ್ಲಿ ರೋಗದ ಹೆಸರೆತ್ತದೆ "ಅಮ್ಮ ಆಗಿದೆ" ಎನ್ನುತ್ತಿದ್ದ ಜನ, ತೂಬಿನಲ್ಲಿರುವವಳನ್ನು ಸಂಜೆಯ ಮೇಲೆ ಹೆಸರಿಟ್ಟು ಕರೆಯುವುದಿಲ್ಲ. ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದ ಮನೆಗಳನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಮನೆಯವರ ದನಿಯಲ್ಲಿ ಹೆಸರು ಹಿಡಿದು ಕೂಗುತ್ತಾಳೆ ಎಂದು ನಂಬಿದ್ದ ಆ ಹೆಣ್ಣುದೆವ್ವಕ್ಕೆ ಜನ ಉತ್ತರವನ್ನು ಬರೆದರು, ಅವಳ ಹೆಸರನ್ನು ಬರೆಯಲಿಲ್ಲ.

ಆಗ ನಾನು ಪಾತ್ರಗಳನ್ನು ಒಬ್ಬೊಬ್ಬರಾಗಿ ಎದುರಿಗೆ ಇಟ್ಟುಕೊಂಡು, ಇವರು ಅವಳನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿಕೊಂಡೆ. ಈ ಒಂದು ಕೆಲಸಕ್ಕೆ ಮೂರು ವಾರ ಹಿಡಿಯಿತು, ಕಥೆಗೆ ಹೆಚ್ಚಿನ ಲಾಭವಾದದ್ದೂ ಇದರಿಂದಲೇ. ಹುಡುಗರು ಹಗಲಿನಲ್ಲಿ, ಗುಂಪಿನಲ್ಲಿದ್ದಾಗ ಮಾತ್ರ ತೂಬಿನ ರಂಗಿ ಎನ್ನುತ್ತಾರೆ. ಊರ ಹೆಂಗಸರು ತೂಬಿನವಳು ಎನ್ನುತ್ತಾರೆ. ಅತ್ತೆಮನೆಯ ಮುದುಕಿ, ಅಂದರೆ ಅವಳನ್ನು ದಿನವೂ ಕೂಗಿ ಕೆಲಸ ಹೇಳುತ್ತಿದ್ದವಳು, "ಅದು" ಎನ್ನುತ್ತಾಳೆ. ಹೆಣ್ಣನ್ನು ನಪುಂಸಕ ಲಿಂಗಕ್ಕೆ ಇಳಿಸಿದ ಆ ಒಂದು ಪದದಲ್ಲಿ ತಪ್ಪಿತಸ್ಥ ಭಾವ ಕಾಣುತ್ತದೆ ಎಂದು ನನಗೆ ನಂಬಿಕೆ, ಹಾಗಾಗಿ ಬೇರೆ ಯಾವ ಪಾತ್ರಕ್ಕೂ ಆ ಪದವನ್ನು ಕೊಡಲಿಲ್ಲ. ಅವಳ ಮಗನಿಗೆ ಈಗ ಐವತ್ತರ ಹತ್ತಿರ ಪ್ರಾಯ. ಅವನು ಅವಳನ್ನು ಏನೆಂದೂ ಕರೆಯುವುದಿಲ್ಲ, ಆ ಕಡೆ ಕೈ ತೋರಿಸುವುದೂ ಇಲ್ಲ. ನೀರುಗಂಟಿ ಮಾತ್ರ ಅಕ್ಕ ಎನ್ನುತ್ತಾನೆ. ಗೂಟ ಎತ್ತುವ ಮೊದಲು, "ಅಕ್ಕಾ, ಕೆಳಗಿನ ಗದ್ದೆಗೆ ನೀರು ಬಿಡ್ತೀನಿ, ಒಸಿ ದಾರಿ ಬಿಡು" ಎಂದು ಕೇಳಿಕೊಂಡು ನೀರಿಗೆ ಇಳಿಯುತ್ತಾನೆ. ಹಿಂದಿನಿಂದ ಯಾರಾದರೂ ಅವನ ಹೆಸರು ಕೂಗಿದರೆ ಮೂರನೆಯ ಸಲ ಕೂಗುವವರೆಗೆ ಓಗೊಡುವುದಿಲ್ಲ. ಮೂರನೆಯ ಕರಡಿನಲ್ಲಿ ರಂಗಿ ಎಂಬ ಹೆಸರು ಏಳು ಕಡೆ ಮಾತ್ರ ಉಳಿಯಿತು, ಏಳರಲ್ಲಿ ಆರು ಹಗಲಿನವು.

ನಿರೂಪಕನ ಭಾಷೆಯಲ್ಲಿ ಹೆಸರಿಗೆ ವಿವರಣೆ ಕೊಡುವುದನ್ನೂ ಇದೇ ಹೊತ್ತಿನಲ್ಲಿ ಬಿಟ್ಟೆ. "ತೂಬಿನ ರಂಗಿ, ಅಂದರೆ ಕೆರೆಯ ತೂಬಿನಲ್ಲಿ ಮುಳುಗಿ ಸತ್ತ ಹೆಣ್ಣಿನ ದೆವ್ವ" ಎಂದು ಮೊದಲು ಬರೆದಿದ್ದ ವಾಕ್ಯ ಹೊರಗಿನವನಿಗೆ ಹೇಳಿದ ಮಾತಿನಂತಿತ್ತು. ಈಗ ಹೆಸರು ಮೊದಲು ಬರುವುದು ಒಬ್ಬ ತಾಯಿ ಮಗುವಿಗೆ ಹೇಳುವ ಎಚ್ಚರಿಕೆಯಲ್ಲಿ, ಅರ್ಥವಾಗುವುದು ಹನ್ನೆರಡು ಪುಟಗಳ ನಂತರ. ನಡುವಿನ ಪುಟಗಳಲ್ಲಿ ಓದುಗರಿಗೆ ತಿಳಿದಿರುವುದು ಊರಿನ ಮಗುವಿಗೆ ತಿಳಿದಿರುವಷ್ಟೇ.

ಎರಡು ಕಡೆ ನಾನು ಜನಪದದ ರೂಢಿಯನ್ನು ತಿಳಿದೇ ಬಿಟ್ಟೆ. ಹಳ್ಳಿಗಳಲ್ಲಿ ದೆವ್ವದ ಹೆಸರಿನೊಂದಿಗೆ ಸತ್ತವರ ಜಾತಿಯೂ ಕಸುಬೂ ಅಂಟಿಕೊಂಡಿರುವುದುಂಟು. ಬ್ರಹ್ಮರಾಕ್ಷಸನ ಹೆಸರಿನಲ್ಲಿಯೇ ಅದಿದೆ, ಕೆಳಗೆ ತುಳಿಸಿಕೊಂಡ ಜಾತಿಗಳ ವಿಷಯದಲ್ಲಂತೂ ಆ ರೂಢಿ ಇನ್ನೂ ಕ್ರೂರವಾಗಿದೆ. ಅಂಥ ಹೆಸರು ಎಷ್ಟೇ ನಿಜವೆನಿಸಿದರೂ, ಅದೇ ಸಮುದಾಯದ ಮಗುವೊಂದು ಕಥೆಯನ್ನು ಓದಬಹುದು ಎಂಬುದು ನನಗೆ ದೊಡ್ಡದಾಗಿ ಕಂಡಿತು. ಇನ್ನೊಂದು, ನಿಜವಾಗಿ ಸತ್ತವರ ಹೆಸರು. ಅತ್ತೆ ನೆನಪಿಸಿಕೊಂಡ ಎರಡು ಹೆಸರುಗಳು ನಾನು ಕಟ್ಟಿದ ಯಾವ ಹೆಸರಿಗಿಂತಲೂ ಗಟ್ಟಿಯಾಗಿದ್ದವು, ಒಂದನ್ನಂತೂ ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅವರ ಮಕ್ಕಳು, ಮೊಮ್ಮಕ್ಕಳು ಬದುಕಿದ್ದಾರೆ. ರಂಗಿಯನ್ನು ಅಂತಿಮಗೊಳಿಸುವ ಮೊದಲು, ಆ ಸುತ್ತಿನಲ್ಲಿ ಕೆರೆಯಲ್ಲಿ ಸತ್ತ ರಂಗಮ್ಮ ಯಾರಾದರೂ ನೆನಪಿಗೆ ಬರುತ್ತಾರೆಯೇ ಎಂದು ಅತ್ತೆಯನ್ನೂ ಅವರ ವಾರಿಗೆಯ ಇನ್ನಿಬ್ಬರನ್ನೂ ಕೇಳಿಸಿದೆ. ಯಾರೂ ನೆನಪಾಗಲಿಲ್ಲ.

ಹೆಸರು ನಿಂತಿತೋ ಇಲ್ಲವೋ ಎಂಬುದು ನನಗೆ ತಿಳಿದದ್ದು ಮೂರನೆಯ ಓದಿನಲ್ಲಿ. ಮೊದಲ ಸಲ ಅತ್ತೆ ಹೆಸರಿನ ಅರ್ಥವನ್ನು ಕೇಳಿದ್ದರು. ಈ ಸಲ ಅವರು ಕೇಳಿದ್ದು, "ಯಾವೂರಿಂದ ತಂದಿದ್ರು ಆ ಹುಡುಗೀನ? ಕೂಸ್ನ ಯಾರು ಸಾಕಿದ್ರು?" ಅರ್ಥ ಕೇಳಿದರೆ ಹೆಸರು ಇನ್ನೂ ಹೊರಗಿದೆ, ಊರು ಮನೆ ಕೇಳಿದರೆ ಒಳಗೆ ಬಂದಿದೆ. ಆಮೇಲೆ ಬೇರೆಯವರಿಗೆ ಓದಿ ಹೇಳುವಾಗಲೂ ನಾನು ಕಾಯುವುದು ಆ ಎರಡನೆಯ ಬಗೆಯ ಪ್ರಶ್ನೆಗಾಗಿಯೇ.

ಕೊನೆಯ ಅಧ್ಯಾಯಕ್ಕೆ ಬಂದಾಗ ಇನ್ನೊಂದು ಹೆಸರು ಬೇಕಾಯಿತು. ಮಳೆ ಕೈಕೊಟ್ಟ ವರ್ಷವೊಂದರಲ್ಲಿ ಊರಿನವರು ತೂಬಿನ ಪಕ್ಕ ಮೂರು ಕಲ್ಲು ನಿಲ್ಲಿಸಿ, ಅರಿಸಿನ ಕುಂಕುಮ ಹಚ್ಚಿ, ಸೀರೆ ಮಡಲಕ್ಕಿ ಇಟ್ಟು ಅವಳಿಗೆ ಪೂಜೆ ಮಾಡುತ್ತಾರೆ. ಪೂಜೆ ಪಡೆದವಳನ್ನು ರಂಗಿ ಎನ್ನಲಾಗದು. ರಂಗಮ್ಮ ಎಂದು ಬರೆದು ನೋಡಿದೆ, ಅದು ನೆರೆಮನೆಯ ಹೆಂಗಸಿನ ಹೆಸರಾಯಿತು. ಹಳ್ಳಿಯ ದೇವತೆಗಳಲ್ಲಿ ಎಷ್ಟೋ ಜನರಿಗೆ ಜಾಗದ ಹಿಂದೆ ಅಮ್ಮ ಸೇರಿದ ಹೆಸರಷ್ಟೇ ಉಳಿದಿರುತ್ತದೆ. ಹಾಗೆಯೇ ಇವಳ ಸ್ವಂತ ಹೆಸರು ಬಿದ್ದುಹೋಗಿ ತೂಬಿನಮ್ಮ ಆದಳು. ಬದುಕಿದ್ದಾಗ ಸಿಗದ ಅಮ್ಮ ಎಂಬ ಮಾತು ಈಗ ಸಿಕ್ಕಿತು, ತೌರಿನವರು ಇಟ್ಟ ಹೆಸರು ಹೋಯಿತು. ಇದನ್ನು ಕಥೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನು ಕೆಲವು ವರ್ಷ ಕಳೆದ ಮೇಲೆ ಕಲ್ಲುಗಳ ಸುತ್ತ ಸಿಮೆಂಟಿನ ಗುಡಿ ಏಳುತ್ತದೆ, ಬಣ್ಣದ ಬೋರ್ಡು ಬರುತ್ತದೆ. ಬೋರ್ಡು ಬರೆಸುವ ಪಟ್ಟಣದ ಮೊಮ್ಮಗ ತೂಬಿನಮ್ಮ ಎಂದು ಬರೆಸುವುದಿಲ್ಲ. "ಶ್ರೀ ತೂಬಿನಾಂಬಿಕಾ ದೇವಿ ಪ್ರಸನ್ನ" ಎಂದು ಬರೆಸುತ್ತಾನೆ. ಮೊದಲ ಕರಡಿನಿಂದ ನಾನು ತೆಗೆದುಹಾಕಿದ್ದ ಬಗೆಯ ಸಂಸ್ಕೃತ ಹೆಸರು ಹೀಗೆ ತನ್ನ ಸರಿಯಾದ ಜಾಗಕ್ಕೆ, ಕಥೆಯ ಕೊನೆಯ ಪುಟಕ್ಕೆ ಬಂತು. ಆ ಬೋರ್ಡಿನ ಕೆಳಗೆ ಮುದುಕನಾದ ನೀರುಗಂಟಿ ಸಂಜೆ ಹೊತ್ತಿನಲ್ಲಿ ನಿಲ್ಲುತ್ತಾನೆ. ಏಳರಲ್ಲಿ ಉಳಿದ ಒಂದು, ಕತ್ತಲಾದ ಮೇಲಿನದು, ಅವನ ಬಾಯಲ್ಲಿದೆ.